ಮುಖ ನೋಡಿ ಮಣೆ ಹಾಕಿದ ವಾಚು

ಭಾವನವರು ಒಂದು ಫೋಟೊ ಕಳಿಸಿದ್ದರು. ಅದರ ಮುಕ್ಕಾಲು ಪಾಲು ಕಾರಿನ ಸ್ಟೀರಿಂಗು. ಮಿಕ್ಕ ಕಾಲು ಪಾಲಿನಲ್ಲಿ ಭಾವನವರ ಮಣಿಕಟ್ಟು, ಅದರ ಮೇಲೆ ಕಿತ್ತಳೆ ಬಣ್ಣದ ಡಯಲ್ಲಿನ ಒಂದು ಸೀಕೊ 5 ವಾಚು. ಗಾಜಿನಲ್ಲಿ ಕಾರಿನ ಕಿಟಕಿ, ಕಿಟಕಿಯಲ್ಲಿ ಆಕಾಶ, ಆಕಾಶದಲ್ಲಿ ಮೋಡ ಎಲ್ಲವೂ ಚೆನ್ನಾಗಿ ಬಿದ್ದಿದ್ದವು. ಡಯಲ್ಲಿನ ಅಕ್ಷರಗಳು ಮಾತ್ರ ಬಿದ್ದಿರಲಿಲ್ಲ. ಕೆಳಗೆ ಒಂದು ಸಾಲು: "ರೇರ್ ಪೀಸ್ ಕಣೋ, ಎಷ್ಟಕ್ಕೆ ಹೋಗುತ್ತೆ ಹೇಳು."

ಹಳೆ ವಾಚಿನ ಪೇಟೆಯಲ್ಲಿ ಎಲ್ಲರೂ ಕಳಿಸುವುದು ಇದೊಂದೇ ಫೋಟೊ. ಅದನ್ನು ನೋಡಿ ಅರೆ ನಿಮಿಷದಲ್ಲಿ ಮಾಡೆಲ್ಲು, ಇಸವಿ, ಬೆಲೆ ಮೂರನ್ನೂ ಹೇಳಿಬಿಡುವ ಮಹನೀಯರಿಗೂ ಬರವಿಲ್ಲ. ಕಾಯಿಲೆ ಏನೆಂದು ತಿಳಿಯಲು ರೋಗಿಯ ಅಂಗಿಯ ಬಣ್ಣ ಕೇಳುವ ವೈದ್ಯರು ಇವರು. ನನಗೆ ಆ ಸಿದ್ಧಿ ಇಲ್ಲದ್ದರಿಂದ, "ಭಾವ, ವಾಚನ್ನು ಮಗುಚಿ ಹಿಂಬದಿಯದೊಂದು ಫೋಟೊ ಕಳಿಸಿ" ಎಂದೆ.

"ಹಿಂದೆ ಏನಿರುತ್ತೆ ಮಾರಾಯ? ಬರೀ ಸ್ಟೀಲು!"

ಆ ಬರೀ ಸ್ಟೀಲಿನ ಮೇಲೆ ವಾಚಿನ ಜಾತಕವೇ ಇರುತ್ತದೆ. ಹಳೆಯ ಸೀಕೊಗಳ ಹಿಂಬದಿ ಮುಚ್ಚಳದಲ್ಲಿ ನಡುವೆ ಅಡ್ಡಗೆರೆ ಇರುವ ಒಂದು ಸಂಖ್ಯೆ ಕೆತ್ತಿರುತ್ತಾರೆ. ಗೆರೆಯ ಮುಂಚಿನ ನಾಲ್ಕು ಅಂಕಿ ಒಳಗಿನ ಯಂತ್ರದ್ದು, ಆಮೇಲಿನ ನಾಲ್ಕು ಕೇಸಿನದು, ಅಂದರೆ ಯಂತ್ರ ಕೂತಿರುವ ಲೋಹದ ಕವಚದ್ದು. ಹೊಗಳಿ, ಬೇಡಿಕೊಂಡು, ಕೊನೆಗೆ ಅಕ್ಕನ ಶಿಫಾರಸು ಹಿಡಿದು ಪಡೆದ ಫೋಟೊದಲ್ಲಿ 7009-876ಎ ಎಂದು ಕಂಡಿತು. ಸೀರಿಯಲ್ ನಂಬರು 83ರಿಂದ ಶುರುವಾಗಿತ್ತು. ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಂದರೆ 8ರಲ್ಲಿ ಕೊನೆಗೊಳ್ಳುವ ಯಾವುದೋ ವರ್ಷದ ಮಾರ್ಚ್. ದಶಕ ಯಾವುದೆಂದು ಆ ನಂಬರು ಬಾಯಿ ಬಿಡುವುದಿಲ್ಲ. ಅದೇ ಯಂತ್ರ, ಅದೇ ಕೇಸು ಯಾವ ವರ್ಷಗಳಲ್ಲಿ ಬರುತ್ತಿತ್ತು ಎಂದು ಬೇರೆ ವಾಚುಗಳ ಜೊತೆ ಹೋಲಿಸಿಯೇ 1978ರದೋ 1988ರದೋ ಎಂದು ತೀರ್ಮಾನಿಸಬೇಕು.

ಭಾವನವರಿಗೆ ಈ ತಾಪತ್ರಯವೇ ಇರಲಿಲ್ಲ. ಮಾರಿದವನು 1965ರದು ಎಂದಿದ್ದನಂತೆ. ಜೊತೆಗೊಂದು ಕಥೆಯನ್ನೂ ಉಚಿತವಾಗಿ ಕೊಟ್ಟಿದ್ದ: ಇದು ಒಬ್ಬ ಹಿರಿಯರ ವಾಚು, ಅವರು ದಿನಾ ಬೆಳಿಗ್ಗೆ ಎದ್ದು ಸ್ನಾನ ಮಾಡಿ ತಮ್ಮ ಕೈಯಾರೆ ಕೀ ಕೊಡುತ್ತಿದ್ದರು, ಆಮೇಲೆ ಪೆಟ್ಟಿಗೆಯಲ್ಲಿಟ್ಟವರು ತೆಗೆಯಲೇ ಇಲ್ಲ. ಕಥೆ ಕೇಳಿ ನನ್ನ ಕಣ್ಣೂ ಒದ್ದೆಯಾಯಿತು. ತೊಂದರೆ ಒಂದೇ, 7009 ಯಂತ್ರಕ್ಕೆ ಕೀ ಕೊಡಲು ಬರುವುದಿಲ್ಲ. ಅದು ಕೈಯ ಅಲುಗಾಟಕ್ಕೆ ತಾನೇ ಸುತ್ತಿಕೊಳ್ಳುವ ವಾಚು. ತಿರುಪನ್ನು ಒಂದು ಹಂತ ಎಳೆದರೆ ವಾರ, ತಾರೀಕು ಬದಲಾಗುತ್ತವೆ, ಇನ್ನೊಂದು ಹಂತ ಎಳೆದರೆ ಮುಳ್ಳು ತಿರುಗುತ್ತವೆ. ಒಳಗೆ ಒತ್ತಿಟ್ಟು ಎಷ್ಟು ತಿರುಗಿಸಿದರೂ ಬೆರಳಿಗೆ ವ್ಯಾಯಾಮ ಅಷ್ಟೇ. ಪಾಪ, ಆ ಹಿರಿಯರು ಎಷ್ಟು ವರ್ಷ ತಿರುಗಿಸಿದರೋ.

ಇನ್ನು ಡಯಲ್ಲು. ಹತ್ತಿರದಿಂದ, ಓರೆಯಾಗಿ ಬಿದ್ದ ಹಗಲು ಬೆಳಕಿನಲ್ಲಿ ತೆಗೆದ ಫೋಟೊ ಬೇಕೆಂದೆ. ಬಂತು. ಹಿಗ್ಗಿಸಿ ನೋಡಿದರೆ ಬರಹದ ಅಂಚು ಶಾಯಿ ಕುಡಿದ ಕಾಗದದ ಹಾಗೆ ಊದಿಕೊಂಡಿದೆ. ಕಾರ್ಖಾನೆಯ ಮುದ್ರಣ ಎಷ್ಟು ಚಿಕ್ಕದಾದರೂ ಅಂಚು ಕತ್ತರಿಸಿದಂತಿರುತ್ತದೆ. ನಿಮಿಷದ ಗೆರೆಗಳು ಲೋಹದ ಗಂಟೆ ಗುರುತುಗಳ ನಡುಮಧ್ಯಕ್ಕೆ ಬರಬೇಕಿತ್ತು. ಇಲ್ಲಿ 4ರ ಹತ್ತಿರ ಸರಿಯಿದ್ದದ್ದು 8ಕ್ಕೆ ಬರುವಷ್ಟರಲ್ಲಿ ಪಕ್ಕದ ಮನೆಗೆ ಹೋಗಿದೆ. ತಾರೀಕಿನ ಕಿಟಕಿಯ ಒಳಅಂಚಿಗೂ ಕಿತ್ತಳೆ ಬಣ್ಣ ಇಳಿದಿದೆ.

6ರ ಕೆಳಗೆ, ಡಯಲ್ಲಿನ ತುತ್ತತುದಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೊಂದು ಸಂಖ್ಯೆ ಇರಬೇಕಿತ್ತು. ಅದರ ಮೊದಲ ನಾಲ್ಕು ಅಂಕಿ ಹಿಂಬದಿಯ ಮೊದಲ ನಾಲ್ಕಕ್ಕೆ ಹೊಂದಿದರೆ ಡಯಲ್ಲೂ ಯಂತ್ರವೂ ಒಂದೇ ಮನೆಯವು ಎಂದು ಸಾಮಾನ್ಯವಾಗಿ ನಂಬಬಹುದು. ಗೆರೆಯ ಆಚೆಯ ಅಂಕಿಗಳು ಬೇರೆಯಾಗಿದ್ದರೆ ಗಾಬರಿ ಬೇಡ, ಡಯಲ್ಲಿನ ಲೆಕ್ಕ ಬೇರೆ, ಕೇಸಿನ ಲೆಕ್ಕ ಬೇರೆ. ಭಾವನವರ ವಾಚಿನಲ್ಲಿ ಹೊಂದಿಸಿ ನೋಡುವ ಪ್ರಶ್ನೆಯೇ ಬರಲಿಲ್ಲ, ಆ ಜಾಗ ಬೋಳಾಗಿತ್ತು. ಹಳೆ ಬಣ್ಣ ಕೆರೆದು ಹೊಸದು ಬಳಿಯುವವರಿಗೆ ಅಷ್ಟು ಸಣ್ಣದನ್ನು ಮತ್ತೆ ಬರೆಯುವ ತಾಳ್ಮೆ ಎಲ್ಲಿಂದ ಬರಬೇಕು? ಅದರ ಬದಲು ಉದಾರವಾಗಿ "21 ಜ್ಯುವೆಲ್ಸ್" ಎಂದು ದೊಡ್ಡದಾಗಿ ಬರೆದಿದ್ದರು. ಜ್ಯುವೆಲ್ ಎಂದರೆ ಒಳಗಿನ ಚಕ್ರಗಳ ಅಚ್ಚು ಸವೆಯದಂತೆ ಕೂರಿಸುವ ಪುಟ್ಟ ಕಲ್ಲು, 7009ರಲ್ಲಿ ಇರುವುದು 17. ರಿಪೇರಿಯವರು ಮುಚ್ಚಳ ಬಿಚ್ಚಿದಾಗ ಒಳಗೂ 17 ಎಂದೇ ಕೆತ್ತಿತ್ತು. ನಾಲ್ಕು ಕಲ್ಲು ಕುಂಚದ ತುದಿಯಲ್ಲೇ ಹುಟ್ಟಿದ್ದವು.

"ಆದರೂ ಕೇಸ್ ನೋಡು, ಹೆಂಗೆ ಫಳಫಳ ಅಂತಿದೆ!" ಎಂದರು ಭಾವ.

ಅದೇ ದುಃಖ. ಪಟ್ಟಿ ಸಿಕ್ಕಿಸುವ ಕೊಂಬುಗಳು ಅರ್ಧ ಕರಗಿದ ಸೋಪಿನ ಹಾಗೆ ದುಂಡಗಾಗಿದ್ದವು. ಕಾರ್ಖಾನೆಯಿಂದ ಬರುವಾಗ ಮೇಲ್ಭಾಗದಲ್ಲಿ ಕೂದಲೆಳೆಯಂಥ ಗೀರುಗಳ ಮಂಕು ಹೊಳಪು, ಪಕ್ಕದಲ್ಲಿ ಕನ್ನಡಿ ಹೊಳಪು, ನಡುವೆ ಒಂದು ಚೂಪು ಅಂಚು ಇದ್ದಿರಬೇಕು. ಯಾರೋ ಪುಣ್ಯಾತ್ಮರು ಪಾಲಿಶ್ ಚಕ್ರಕ್ಕೆ ಹಿಡಿದು ಮೂರನ್ನೂ ಒಂದು ಮಾಡಿದ್ದಾರೆ. ಗೀರು ಬಿದ್ದ ಕೇಸನ್ನು ಸಂಗ್ರಹಕಾರರು ಕ್ಷಮಿಸುತ್ತಾರೆ, ತಿಂದುಹೋದ ಅಂಚನ್ನು ಕ್ಷಮಿಸುವುದಿಲ್ಲ, ಯಾಕೆಂದರೆ ಹೋದ ಲೋಹ ಬರುವುದಿಲ್ಲ. ಹಾಗಿದ್ದೂ ಮಾರುವ ಹಿಂದಿನ ದಿನ ಪಾಲಿಶ್ ಮಾಡಿಸುವುದು ಈ ಪೇಟೆಯ ನಿತ್ಯವ್ರತ.

ಬೆಲೆಯ ಮಾತಿಗೆ ಬಂದಾಗ ಭಾವನವರ ಬಳಿ ಪುರಾವೆ ಸಿದ್ಧವಿತ್ತು. ಇಂಥದ್ದೇ ಕಿತ್ತಳೆ ವಾಚಿಗೆ ಐದು ಮಂದಿ ಭಾರಿ ಬೆಲೆ ಹಾಕಿದ್ದಾರಂತೆ. ಹಾಕಿದ್ದಾರೆ, ನಿಜ. ಯಾರಾದರೂ ಕೊಂಡರಾ? ಐವರಲ್ಲಿ ಒಬ್ಬ ಇನ್ನೊಬ್ಬನ ಬೆಲೆ ನೋಡಿ ತನ್ನದನ್ನು ಹಾಕಿದ್ದು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ. ನೋಡಬೇಕಾದ್ದು ಮಾರಾಟವಾಗಿ ಮುಗಿದ ಬೆಲೆಗಳನ್ನು, ಅದರಲ್ಲೂ ಇದೇ ಹಿಂಬದಿ ಸಂಖ್ಯೆಯ ವಾಚುಗಳವನ್ನು. ಮೂಲ ಡಯಲ್ಲಿನವು ಒಂದು ಗುಂಪು, ಬಣ್ಣ ಬಳಿದವು ಇನ್ನೊಂದು. ಭಾವನವರದು ಎರಡನೆಯ ಗುಂಪಿನದು.

ಆ ಗುಂಪಿನ ನಡುವಿನ ಬೆಲೆ 100 ಎಂದಿಟ್ಟುಕೊಳ್ಳಿ ಎಂದೆ. ವಾಚು ದಿನಕ್ಕೆ ಆರು ನಿಮಿಷ ಹಿಂದೆ ಬೀಳುತ್ತಿದೆ, ಬಿಚ್ಚಿ ತೊಳೆದು ಎಣ್ಣೆ ಹಾಕಲು 80 ಆಯಿತು. ಉಳಿದದ್ದು 20. ಸರ್ವಿಸ್ ಮಾಡಿಸಿ ಮಾರಿದರೆ 180 ಸಿಗುತ್ತದೆಂದು ಭಾವನವರ ಗಣಿತ. ಬಣ್ಣ ಬಳಿದ ಸಾಮಾನ್ಯ ವಾಚಿಗೆ ಆ ಖರ್ಚು ಪೂರ್ತಿ ವಾಪಸು ಬರುವುದು ಅಪರೂಪ. ಈ ವಾಚಿನ ಬಗ್ಗೆ "ಅಪರೂಪ" ಎಂಬ ಮಾತು ಸರಿಹೊಂದುವುದು ಅಲ್ಲೊಂದು ಕಡೆ ಮಾತ್ರ.

"ಹಾಗಾದ್ರೆ ಕಟ್ಟಿಕೊಂಡು ಓಡಾಡ್ಲಾ?"

"ಕಟ್ಟಿಕೊಳ್ಳಿ ಭಾವ, ಯಂತ್ರ ಗಟ್ಟಿ. ನೀರಿಗೆ ಮಾತ್ರ ಇಳಿಸಬೇಡಿ."

ಎರಡು ದಿನ ಬಿಟ್ಟು ಅವರ ಜಾಹೀರಾತು ಕಣ್ಣಿಗೆ ಬಿತ್ತು. ಅದೇ ಸ್ಟೀರಿಂಗು, ಅದೇ ಮೋಡ. ವಾಚಿಗೆ 21 ಕಲ್ಲು, ಇಸವಿ 1965, "ತಜ್ಞರಿಂದ ಪರೀಕ್ಷಿಸಲಾಗಿದೆ" ಎಂಬ ಹೊಸ ಸಾಲು. ಆ ತಜ್ಞ ನಾನೇ ಇರಬೇಕು. ಬೆಲೆ ಆ ಐವರಿಗಿಂತ ಸ್ವಲ್ಪ ಹೆಚ್ಚು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಕೀ ಕೊಡುತ್ತಿದ್ದ ಹಿರಿಯರೂ ಅಲ್ಲೇ ಇದ್ದರು, ಈಗ ಅವರು ನಮ್ಮ ಭಾವನವರ ಅಜ್ಜ.