ಮ್ಯೂನಿಕ್‌ನಲ್ಲಿ ಅಮ್ಮನ ತಿಳಿಸಾರು

ನಮ್ಮಮ್ಮಂಗೆ ಸಾರು ಮಾಡೋಕ್ ಬರುತ್ತೆ, ಹೇಳೋಕ್ ಬರಲ್ಲ. ಎಷ್ಟು ಪುಡಿ ಹಾಕ್ಬೇಕಮ್ಮ ಅಂದ್ರೆ "ಬೇಕಾದಷ್ಟು" ಅಂತಾಳೆ, ಎಷ್ಟ್ ಹೊತ್ತು ಕುದಿಸ್ಬೇಕು ಅಂದ್ರೆ "ಹಸಿ ವಾಸ್ನೆ ಹೋಗೋ ತನಕ" ಅಂತಾಳೆ. ಪಕ್ಕದಲ್ಲಿ ನಿಂತಿರೋರಿಗೆ ಇದು ಸಾಕು, ಮ್ಯೂನಿಕ್‌ನಲ್ಲಿ ಒಂದೇ ರೂಮಿನ ಮನೇಲಿ ನಿಂತಿರೋ ನನ್ನ ತಮ್ಮನಿಗೆ ಸಾಕಾಗ್ಲಿಲ್ಲ.

ಅವನು ಫೋನ್ ಮಾಡಿದ್ದು ಭಾನುವಾರ, ಅಲ್ಲಿ ಮಧ್ಯಾಹ್ನ 12, ಮೈಸೂರಲ್ಲಿ ಸಂಜೆ 4:30. ಅಮ್ಮ ಕೊಟ್ಟು ಕಳಿಸಿದ್ದ ಸಾರಿನ ಪುಡಿ ಡಬ್ಬಿ ಖಾಲಿಯಂತೆ. ಅಂಗಡಿಗೆ ಹೋಗಿ ತಗೊಳ್ಳೋ ಅಂದ್ರೆ ಅಲ್ಲಿ ಭಾನುವಾರ ಅಂಗಡಿಗಳೆಲ್ಲ ಬಾಗಿಲು. "ಹಾಲಿಗೂ ಇಲ್ವಾ?" ಅಂತ ಅಮ್ಮ ಕೇಳಿ, ಇಲ್ಲ ಅಂದಿದ್ದಕ್ಕೆ ಜರ್ಮನಿ ಬಗ್ಗೆ ಅವಳಿಗಿದ್ದ ಗೌರವ ಒಂದ್ ಮೆಟ್ಲು ಇಳೀತು. ಸರಿ, ಮನೇಲಿ ಏನಿದೆ? ತೊಗರಿಬೇಳೆ, ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಮೆಂತ್ಯ, ಯಾವ ಊರಿಂದೋ ಗೊತ್ತಿಲ್ಲದ ಒಣಮೆಣಸಿನಕಾಯಿ, ಒಣಗಿದ ಕರಿಬೇವು, ಇಂಗು, ಒಂದು ಹುಣಸೆಹಣ್ಣಿನ ಪ್ಯಾಕೆಟ್, 2 ಟೊಮೇಟೊ. ಕುಕ್ಕರ್ ಇಲ್ಲ.

ಅಮ್ಮ ಶುರು ಮಾಡಿದ್ಲು, "ಒಂದ್ ಹಿಡಿ ಕೊತ್ತಂಬರಿ ಬೀಜ ತಗೋ." ಯಾರ ಹಿಡಿ? ಅವನ ಕೈ ಅಮ್ಮನ ಕೈಗಿಂತ ಒಂದೂವರೆ ಪಾಲು ದೊಡ್ಡದು. ಆಗ ನಾನು ಒಂದ್ ಕೆಲ್ಸ ಮಾಡ್ದೆ, ಕೇಕ್ ಮಾಡೋಕೆ ಅಂತ ತಗೊಂಡು ಮೂಲೇಲಿಟ್ಟಿದ್ದ ಡಿಜಿಟಲ್ ತಕ್ಕಡಿ ತಂದು ಕಟ್ಟೆ ಮೇಲಿಟ್ಟು, ಅಮ್ಮ ನೀನು ಏನೂ ಹೇಳ್ಬೇಡ, ರಾತ್ರಿಗೆ ಹೇಗೂ ಸಾರು ಮಾಡ್ಬೇಕಲ್ಲ, ಈಗ್ಲೇ ಪುಡಿಯಿಂದ ಹಿಡಿದು ಮಾಡ್ತಾ ಹೋಗು, ಪ್ರತಿಯೊಂದನ್ನೂ ಇದರ ಮೇಲೆ ಹಾಕು, ನಾನು ನೋಡಿ ಅವನಿಗೆ ಹೇಳ್ತೀನಿ ಅಂದೆ. ಅವಳ ಒಂದ್ ಹಿಡಿ 22 ಗ್ರಾಂ ಬಂತು. ಜೀರಿಗೆ 6, ಮೆಣಸು 3. ಮೆಂತ್ಯ ಹಾಕಿದ್ರೆ ತಕ್ಕಡಿ 0 ಅಂತಾನೇ ತೋರಿಸ್ತು, ಅಷ್ಟು ಕಮ್ಮಿ. ಕೊನೆಗೆ ಎಣಿಸಿದ್ವಿ, 20 ಕಾಳು. "ಅದ್ರ ಮೇಲೆ ಹೋದ್ರೆ ಕಹಿ" ಅಂದ್ಲು ಅಮ್ಮ. ನಾನು ಇಷ್ಟು ವರ್ಷ ಒಂದ್ ಚಮಚ ಹಾಕ್ತಿದ್ದೆ ಅನ್ನೋದು ಈ ಬರಹಕ್ಕೆ ಸಂಬಂಧ ಇಲ್ಲದ ವಿಷ್ಯ.

ಹುರಿಯೋದು ಎಲ್ಲ ಬೇರೆ ಬೇರೆ. ಒಟ್ಟಿಗೆ ಹಾಕಿದ್ರೆ ಕೊತ್ತಂಬರಿ ಬೀಜ ಘಮ್ ಅನ್ನೋ ಹೊತ್ತಿಗೆ ಜೀರಿಗೆ ಸೀದಿರುತ್ತೆ. ಮೆಂತ್ಯ ಕೆಂಪಗಾದ್ರೆ ಸಾಕು, ಕಪ್ಪಾದ್ರೆ ಪುಡಿ ಪೂರ್ತಿ ಕೆಟ್ಟ ಹಾಗೆ. ಇಲ್ಲಿ ತನಕ ಎಲ್ಲ ಚೆನ್ನಾಗಿತ್ತು. ಮೆಣಸಿನಕಾಯಿ ಬಾಣಲೆಗೆ ಬಿದ್ದಿದ್ದೇ ಫೋನಲ್ಲಿ ಮೊದ್ಲು ಕೆಮ್ಮು, ಆಮೇಲೆ ಕಿವಿ ತೂತಾಗೋ ಹಾಗೆ ಕೀಈಈ ಅಂತ ಸದ್ದು. ಅಮ್ಮ ಗಾಬರಿಯಾಗಿ, "ಕುಕ್ಕರ್ ಇಲ್ಲ ಅಂದ್ಯಲ್ಲೋ, ಮತ್ತೆ ಅದ್ಯಾವ್ದು ವಿಷಲ್?" ಅದು ಸೂರಲ್ಲಿರೋ ಹೊಗೆ ಅಲಾರಂ. ಅವನು ಟವೆಲ್ ಬೀಸ್ತಾ "ಅಮ್ಮ ಒಂದ್ ನಿಮಿಷ" ಅಂತಿದ್ರೆ ಇವಳು ಇಲ್ಲಿಂದ "ಒಂದ್ ತೊಟ್ಟು ಎಣ್ಣೆ ಹಾಕಿ ಸಣ್ಣ ಉರೀಲಿ ಹುರೀಬೇಕು, ಕಿಟಕಿ ತೆಗಿ" ಅಂತ ಹೇಳ್ತಾನೇ ಇದ್ಲು. ಹೊರಗೆ ಮೈನಸ್ 2 ಡಿಗ್ರಿ. ತೆಗ್ದ.

ಇನ್ನೊಂದು ಸಮಸ್ಯೆ ಬಣ್ಣ. ನಮ್ಮಲ್ಲಿ ಬ್ಯಾಡಗಿ ಹಾಕ್ತೀವಿ, ಅದು ಬಣ್ಣ ಜಾಸ್ತಿ ಕೊಟ್ಟು ಖಾರ ಕಮ್ಮಿ ಕೊಡುತ್ತೆ, ಹಾಗಾಗಿ ಅಮ್ಮ ಧೈರ್ಯವಾಗಿ 8 ಹಾಕಿದ್ಲು. ಅವನತ್ರ ಇದ್ದದ್ದು ಸಣ್ಣಕ್ಕೆ, ಚೂಪಾಗಿ, ಖಾರದ ಜಾತಿ. ಅದನ್ನ 8 ಹಾಕಿದ್ರೆ ಸಾರು ಕೆಂಪಾಗಲ್ಲ, ಕುಡಿದೋನು ಆಗ್ತಾನೆ. 3 ಸಾಕು ಅಂತ ತೀರ್ಮಾನ ಮಾಡಿ, ಬಣ್ಣಕ್ಕೆ ಅವನ ಕಪಾಟಲ್ಲಿದ್ದ ಸಿಹಿ ಪ್ಯಾಪ್ರಿಕಾ ಪುಡಿ ಒಂದ್ ಚಮಚ ಸೇರಿಸು ಅಂದೆ. ಅಮ್ಮಂಗೆ ಹೇಳ್ಲಿಲ್ಲ.

ಇಷ್ಟರಲ್ಲಿ ಬೇಳೆ ಬೆಂದಿರ್ಬೇಕಿತ್ತು. ಮುಕ್ಕಾಲು ಗಂಟೆಯಾದ್ರೂ ಕಾಳು ಕಾಳಾಗೇ ಇದೆ, ಹಿಚುಕಿದ್ರೆ ಜಾರ್ತಿದೆ ಅಂದ. ವಿಚಾರಿಸಿದ್ರೆ ಮಹಾಶಯ ಟೈಮ್ ಉಳಿಯುತ್ತೆ ಅಂತ ಬೇಳೆ ಜೊತೆಗೇ ಟೊಮೇಟೊ, ಹುಣಸೆಹಣ್ಣು ಎಲ್ಲ ಹಾಕಿ ಕೂರ್ಸಿದಾನೆ! ಹುಳಿ ಇದ್ರೆ ಬೇಳೆ ಮೆತ್ತಗಾಗಲ್ಲ, ಅದು ಅಮ್ಮಂಗೆ ಗೊತ್ತು. ಆದ್ರೆ ಅವಳು ಕೇಳಿದ್ದು ಇನ್ನೊಂದು ಪ್ರಶ್ನೆ, "ನಿನ್ ಕೆಟಲ್ ತಳ ಬೆಳ್ಳಗಾಗಿದ್ಯಾ?" ಆಗಿದೆ ಅಂದ. "ಹಾಗಾದ್ರೆ ನೀರೂ ಗಡಸು." ನಾವು ಸಣ್ಣೋರಿದ್ದಾಗ ಮನೆಗೆ ಬೋರ್ ನೀರು ಬರ್ತಿತ್ತು, ಬೇಳೆ ಬೇಯಿಸೋಕೆ ಮಾತ್ರ ಬಿಂದಿಗೇಲಿ ಕಾವೇರಿ ನೀರು ಹಿಡಿದಿಡ್ತಿದ್ಲು, ಅದಕ್ಕೆ ಕೈ ಹಾಕಿದ್ರೆ ಏಟು. ನೀರಲ್ಲಿರೋ ಸುಣ್ಣದಂಶ ಬೇಳೆಯ ಜೀವಕೋಶಗಳನ್ನ ಹಿಡಿದಿಡೋ ಅಂಟಿನ ಜೊತೆ ಸೇರಿ ಅದನ್ನ ಗಟ್ಟಿ ಮಾಡುತ್ತೆ ಅಂತ ನಾನು ಕಾಲೇಜಲ್ಲಿ ಓದಿದ್ದೆ, ಬಿಂದಿಗೆಗೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದಿದ್ದು ಅವತ್ತೇ. ಆ ನೀರು ಚೆಲ್ಲಿ, ಹೊಸದಾಗಿ ಕಾಲು ಕಪ್ ಬೇಳೆ, ಒಂದ್ ಚಿಟಿಕೆ ಅಡುಗೆ ಸೋಡ, ಚಿಟಿಕೆ ಅರಿಶಿನ, ಬೇರೇನೂ ಇಲ್ಲ. ಸೋಡ ಜಾಸ್ತಿ ಆದ್ರೆ ಸೋಪಿನ ವಾಸ್ನೆ ಬರುತ್ತೆ, ಅದಕ್ಕೆ ಎರಡೇ ಬೆರಳಲ್ಲಿ ತಗೋ ಅಂತ ಮೂರು ಸಲ ಹೇಳಿದ್ಲು. ಮತ್ತೆ ಮುಕ್ಕಾಲು ಗಂಟೆ ಹಿಡೀತು, ಆದ್ರೆ ಈ ಸಲ ಕರಗ್ತು.

ಹುಣಸೆಹಣ್ಣಿನ ಅಳತೆ ಇನ್ನೊಂದು ಕತೆ. "ಅರ್ಧ ನಿಂಬೆಹಣ್ಣಿನಷ್ಟು" ಅಂದ್ಲು ಅಮ್ಮ, ತಕ್ಕಡಿ ಮೇಲಿಡೋಕೆ ಮುಂಚೇನೇ. ಅವನು ತಕ್ಷಣ ಒಂದು ಫೋಟೋ ಕಳಿಸಿದ, ಅರ್ಧ ನಿಂಬೆಹಣ್ಣು, ಪಕ್ಕದಲ್ಲಿ ಅಷ್ಟೇ ದೊಡ್ಡ ಹುಣಸೆ ಉಂಡೆ. ಅಮ್ಮ ಕನ್ನಡಕ ಹಾಕ್ಕೊಂಡು ನೋಡಿ, "ಇದ್ಯಾವ್ ನಿಂಬೆಹಣ್ಣೋ, ಹೆರಳೆಕಾಯಿ ಇದ್ದಂಗಿದೆ!" ನಮ್ಮದನ್ನ ತೂಗಿದ್ರೆ 12 ಗ್ರಾಂ. ಅವನದ್ದು 40 ದಾಟಿತ್ತು. ಉಳಿದದ್ದನ್ನ ವಾಪಸ್ ಪ್ಯಾಕೆಟ್ಟಿಗೆ ಹಾಕಿಸಿದ್ವಿ.

ಆಮೇಲಿಂದು ಸಲೀಸು. ಹುಣಸೆ ರಸ, ಟೊಮೇಟೊ, 2 ಚಮಚ ಪುಡಿ, ಉಪ್ಪು, ಗೋಲಿ ಗಾತ್ರದ ಬೆಲ್ಲ (ಅವನತ್ರ ಇದ್ದದ್ದು ಕಂದು ಸಕ್ಕರೆ, ಅಡ್ಜಸ್ಟ್), ಇವಿಷ್ಟು ಹಸಿ ವಾಸ್ನೆ ಹೋಗೋ ತನಕ ಕುದೀಬೇಕು. ಮುಚ್ಚಳ ತೆಗೆದಾಗ ಮೂಗಿಗೆ ಹುಳಿ ಚುಚ್ಚಿದ್ರೆ ಇನ್ನೂ ಆಗಿಲ್ಲ, ಹತ್ತು ನಿಮಿಷ ಹಿಡಿಯುತ್ತೆ. ಬೇಳೆ ಕಟ್ಟು ಸೇರೋದು ಅದಾದ್ಮೇಲೆ. ಕಟ್ಟು ಹಾಕಿದ್ಮೇಲೆ ಮಾತ್ರ ಕುದಿಸೋ ಹಾಗಿಲ್ಲ, ಅಂಚಲ್ಲಿ ನೊರೆ ಎದ್ದು ಮಧ್ಯಕ್ಕೆ ಬರುತ್ತಲ್ಲ, ಅಲ್ಲಿಗೆ ಆಫ್. ಅಲ್ಲಿಂದ ಮುಂದೆ ಕುದ್ರೆ ಪರಿಮಳ ಎಲ್ಲ ಹಬೆ ಜೊತೆ ಹೋಗಿ ಬೇಳೆ ನೀರು ಉಳಿಯುತ್ತೆ. "ಅಲ್ಲೇ ನಿಂತಿರು, ಎಲ್ಲೂ ಹೋಗ್ಬೇಡ" ಅಂತ ಅಮ್ಮ ಅಂದಳು, ಅವನು ಒಗ್ಗರಣೆಗೆ ತುಪ್ಪ ಹುಡುಕೋಕೆ ಹೋದ. ಉಕ್ಕಿತು. ಅವನದು ಗಾಜಿನ ಮೇಲ್ಮೈ ಇರೋ ಕರೆಂಟ್ ಒಲೆ, ಆಫ್ ಮಾಡಿದ್ರೂ ಬಿಸಿ ಇಳಿಯೋಕೆ ನಿಮಿಷಗಟ್ಲೆ ಬೇಕು, ಪಾತ್ರೇನೇ ಎತ್ತಿ ಪಕ್ಕಕ್ಕಿಡ್ಬೇಕು. ಅದ್ರ ಮೇಲೆ ಸಕ್ಕರೆ ಬಿದ್ದು ಆರಿದ್ರೆ ಗಾಜನ್ನೇ ಕಿತ್ಕೊಂಡ್ ಬರುತ್ತಂತೆ, ಬಿಸಿ ಇದ್ದಾಗ್ಲೇ ಬ್ಲೇಡಲ್ಲಿ ಕೆರೀಬೇಕಂತೆ. ಬಾಡಿಗೆ ಮನೆ ಡೆಪಾಸಿಟ್ ನೆನಪಿಸ್ಕೊಂಡು ಕೆರೆಯೋ ಸದ್ದು ನಮಗೆ ಸ್ಪೀಕರಲ್ಲಿ ಕೇಳಿಸ್ತಿತ್ತು. ಕೊನೆಗೆ ಸಾಸಿವೆ ಬದಲು ಜೀರಿಗೆ, ಇಂಗು, ಕರಿಬೇವು, ತುಪ್ಪ ಅಂತೂ ಸಿಕ್ಕಿತ್ತು.

ಬಾಯಿಗಿಟ್ಟು "ಮನೇದೇ ಅಮ್ಮ ಇದು" ಅಂದ. ಅಮ್ಮ ಅಷ್ಟಕ್ಕೇ ಬಿಡ್ತಾಳಾ, ಬಣ್ಣ ಹೇಗಿದೆ ಅಂತ ಕೇಳಿ, ಕೆಂಪಗಿದೆ ಅಂದಾಗ, "ನೋಡು, ಬ್ಯಾಡಗಿ ಇಲ್ದಿದ್ರೂ ನನ್ ಲೆಕ್ಕಕ್ಕೆ ಬಂತು" ಅಂತ ನನ್ನ ಕಡೆ ತಿರುಗಿದ್ಲು. ನಾನು ತಕ್ಕಡಿ ಒರೆಸ್ತಾ ಇದ್ದೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಒಂದ್ ತುತ್ತು ಕಲಸಿ, ಸ್ವಲ್ಪ ಯೋಚ್ನೆ ಮಾಡಿ, ಈ ಸಾರಿಗೆ ಉಪ್ಪೇ ಹಾಕಿಲ್ವಲ್ಲೇ ಅಂದ್ರು. ಅಮ್ಮ ಒಪ್ಪಲೇ ಇಲ್ಲ. "ಹಾಕ್ದೆ ರೀ, ಎಲ್ಲರ ಎದುರಿಗೇ ಹೇಳಿ ಹೇಳಿ ಹಾಕ್ಸಿದೀನಿ."