ಮಾತಿಗೆ ಹಿಂಜರಿಯುವ ಕಿರಿಯರಿಗೆ ತಪ್ಪನ್ನು ಮೊದಲು ಬರೆದು ತಿಳಿಸಬೇಕು

ಕಾಸರಗೋಡಿನ ನಮ್ಮ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಈಚೆಗೆ ತಂಡದ ಹೊಣೆ ನನಗೆ ಬಂದಾಗ, ಹಿರಿಯ ಸಹೋದ್ಯೋಗಿಯೊಬ್ಬರು, "ತಪ್ಪು ಕಂಡರೆ ಮುಖಕ್ಕೇ ಹೇಳಿಬಿಡಿ, ಆಗಲೇ ಕಲಿಯುವುದು" ಎಂದು ಬುದ್ಧಿಮಾತು ಹೇಳಿದರು. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಹಿಂಜರಿಯುವ ಕಿರಿಯರ ಮಟ್ಟಿಗೆ ಈ ಕ್ರಮ ಕಲಿಸುವುದಕ್ಕಿಂತ ಹೆಚ್ಚಾಗಿ ಕಲಿಕೆಯನ್ನು ತಡೆಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ತಂಡದಲ್ಲಿ ಬದಿಯಡ್ಕ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನಮ್ಮ ಮೀಟಿಂಗ್‌ಗಳು ನಡೆಯುವುದು ಮಲಯಾಳ ಮತ್ತು ಇಂಗ್ಲಿಷಿನಲ್ಲಿ. ಅವಳಿಗೆ ಎರಡೂ ಅರ್ಥವಾಗುತ್ತವೆ, ಆದರೆ ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಬೇರೆ ವಿಷಯಕ್ಕೆ ಹೋಗಿರುತ್ತದೆ. ಅಂಥ ಸಭೆಯಲ್ಲಿ "ಇದು ತುಂಬಾ ಸ್ಲೋ, ಹೀಗೆ ಬರೆಯಬಾರದು" ಎಂದರೆ ಅವಳಿಂದ ಬರುವ ಉತ್ತರ "ಆಯ್ತು" ಎಂಬುದೊಂದೇ. ಅದು ಒಪ್ಪಿಗೆಯೋ, ಅರ್ಥವಾಗದಿರುವಿಕೆಯೋ, ಅಲ್ಲಿಂದ ಪಾರಾಗುವ ದಾರಿಯೋ ಹೇಳಿದವರಿಗೆ ತಿಳಿಯುವುದಿಲ್ಲ.

ಅಡಿಕೆ ಬೆಳೆಗಾರರ ಸಂಘವೊಂದರ ಲೆಕ್ಕಪತ್ರಕ್ಕಾಗಿ ಅವಳು ಸದಸ್ಯವಾರು ಪಾವತಿಯ ವರದಿಯನ್ನು ಬರೆದಿದ್ದಳು. ಅದರ ತಿರುಳು ಇಷ್ಟು:

```python
for m in members:
    rows = get_payments(m.id)
```

ಹತ್ತು ಸದಸ್ಯರನ್ನಿಟ್ಟುಕೊಂಡು ಪರೀಕ್ಷಿಸಿದಾಗ ವರದಿ ಕೂಡಲೇ ತೆರೆಯುತ್ತಿತ್ತು. ಸಂಘದಲ್ಲಿ 400 ಸದಸ್ಯರಿದ್ದರೆ ಪಟ್ಟಿಗೆ ಒಂದು, ಪ್ರತಿಯೊಬ್ಬರಿಗೂ ಒಂದೊಂದು, ಹೀಗೆ ಡೇಟಾಬೇಸಿಗೆ 401 ಕ್ವೆರಿಗಳು ಹೋಗುತ್ತವೆ. ನಾನು ರಿವ್ಯೂನಲ್ಲಿ ಆ ಸಾಲಿನ ಪಕ್ಕದಲ್ಲೇ ಹೀಗೆ ಬರೆದೆ: "ಈ ಲೂಪ್ ಪ್ರತಿ ಸದಸ್ಯರಿಗೂ ಒಂದು ಕ್ವೆರಿ ಕಳಿಸುತ್ತದೆ, 400 ಸದಸ್ಯರಾದರೆ ಒಟ್ಟು 401. ಎಲ್ಲ ಸದಸ್ಯರ ಪಾವತಿಗಳನ್ನು ಒಂದೇ ಕ್ವೆರಿಯಲ್ಲಿ ತಂದು, ಆಮೇಲೆ `member_id` ಪ್ರಕಾರ ಗುಂಪು ಮಾಡು. ಸೇರಿಸುವ ಮುನ್ನ ಇದು ಆಗಲೇಬೇಕು. ಕೆಳಗಿನ ವೇರಿಯಬಲ್ ಹೆಸರಿನ ಬಗ್ಗೆ ಬರೆದದ್ದು ಸಲಹೆ ಮಾತ್ರ."

ಇದರಲ್ಲಿ ಮೆತ್ತಗಿನ ಮಾತು ಒಂದೂ ಇಲ್ಲ. ಬರೆದು ಹೇಳುವುದೆಂದರೆ ಸುತ್ತಿಬಳಸಿ ಹೇಳುವುದು ಎಂದು ತಿಳಿದವರೇ ಹೆಚ್ಚು. "ಸಾಧ್ಯವಾದರೆ ಇದನ್ನೊಮ್ಮೆ ನೋಡಬಹುದೇ" ಎಂದು ಬರೆದರೆ, ಅದು ಕಡ್ಡಾಯವೋ ಅಲ್ಲವೋ ಎಂದು ಕೇಳಲು ಅಂಜುವವಳು ರಾತ್ರಿಯೆಲ್ಲ ಅದೇ ಯೋಚನೆಯಲ್ಲಿರುತ್ತಾಳೆ. ಆದ್ದರಿಂದ ಕಡ್ಡಾಯ ಯಾವುದು, ಸಲಹೆ ಯಾವುದು ಎಂಬುದನ್ನು ಬಿಡಿಸಿಯೇ ಬರೆಯಬೇಕು. ಕ್ಲೂಗರ್ ಮತ್ತು ಡೆನಿಸಿ ಎಂಬ ಮನೋವಿಜ್ಞಾನಿಗಳು 1996ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನಷ್ಟು ಕೆಟ್ಟದ್ದು ಕಂಡುಬಂತು; ಗಮನ ಕೆಲಸದಿಂದ ಸರಿದು 'ನಾನು ಎಂಥವಳು' ಎಂಬಲ್ಲಿಗೆ ಹೋದಾಗ ಪರಿಣಾಮ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಸಾಲಿನ ಪಕ್ಕದ ಟಿಪ್ಪಣಿ ಕಣ್ಣನ್ನು ಆ ಸಾಲಿನ ಮೇಲೆಯೇ ನಿಲ್ಲಿಸುತ್ತದೆ. ಸಭೆಯಲ್ಲಿ ಎಲ್ಲರ ಮುಖ ಅವಳ ಕಡೆ ತಿರುಗಿದಾಗ ಅದು ಆಗುವ ಮಾತಲ್ಲ.

ಆದರೂ ಬರಹಕ್ಕೆ ಮಿತಿಯಿದೆ, ಅದು ಎಲ್ಲಿ ಸೋಲುತ್ತಿದೆ ಎಂಬುದೂ ಗೊತ್ತಾಗುತ್ತದೆ. ಬರೀ "Done" ಎಂಬ ಉತ್ತರ ಬಂದು, ತೋರಿಸಿದ ಸಾಲು ಮಾತ್ರ ಸರಿಯಾಗಿ, ಅದೇ ತಪ್ಪು ಪಕ್ಕದ ಫೈಲಿನಲ್ಲಿ ಹಾಗೆಯೇ ಉಳಿದಿದ್ದರೆ, ಅವಳು ಹೇಳಿದ್ದನ್ನು ಮಾಡಿದ್ದಾಳೆಯೇ ಹೊರತು ಕಾರಣವನ್ನು ಗ್ರಹಿಸಿಲ್ಲ. ಒಂದೇ ಸಾಲಿನ ಮೇಲೆ ಮೂರನೆಯ ಸುತ್ತಿನ ಟಿಪ್ಪಣಿ ಬರೆಯಬೇಕಾಗಿ ಬಂದರೂ ಅಷ್ಟೇ. ಆಗ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರಬೇಕು, ಕನ್ನಡದಲ್ಲಿ ಮಾತಾಡಬೇಕು, ಕೀಬೋರ್ಡ್ ಅವಳ ಕೈಯಲ್ಲೇ ಇರಬೇಕು. ಈ ವರದಿಯ ವಿಷಯದಲ್ಲೂ ನಾವು ಹಾಗೆಯೇ ಕೂತೆವು. ಕ್ವೆರಿಗಳ ಲಾಗ್ ತೆರೆದಾಗ ಒಂದೇ ಸಾಲು ಮತ್ತೆ ಮತ್ತೆ ಪರದೆಯ ಮೇಲೆ ಉರುಳುವುದನ್ನು ಕಂಡು, "ಅಕ್ಕ, ಹಾಗಾದರೆ ಬಾಕಿ ವರದಿಯಲ್ಲೂ ಇದೇ ಇದೆಯಲ್ಲ" ಎಂದು ಅವಳೇ ಹೇಳಿದಳು. ಮೊದಲೇ ಓದಿ ಬಂದಿದ್ದರಿಂದಲೇ ಆ ಮಾತು ಬಂತು ಎಂದು ನಾನು ನಂಬುತ್ತೇನೆ.

ನಡವಳಿಕೆಗೆ ಸಂಬಂಧಿಸಿದ್ದನ್ನು ಮಾತ್ರ ನಾನು ಮೊದಲು ಬರೆಯುವುದಿಲ್ಲ. ಕೆಲಸ ಎಲ್ಲೋ ಸಿಕ್ಕಿಕೊಂಡಿದ್ದರೂ ಎರಡು ದಿನ ಯಾರಿಗೂ ತಿಳಿಸದಿರುವುದು ಅವಳ ಒಂದು ಅಭ್ಯಾಸ. ಅದನ್ನು ತಂಡದವರೆಲ್ಲ ಓದುವ ಜಾಗದಲ್ಲಿ ಬರೆದರೆ ಅದು ದೂರಿನಂತೆ ಉಳಿದುಬಿಡುತ್ತದೆ, ಬರಹದಲ್ಲಿ ಧ್ವನಿಯ ಮೃದುತ್ವವೂ ಕಾಣದು. ಅದಕ್ಕೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರ ನಡುವಿನ ಮಾತೇ ಬೇಕು. ಅಲ್ಲಿಯೂ ಯಾವ ದಿನ, ಯಾವ ಕೆಲಸ, ಅದರಿಂದ ಯಾರಿಗೆ ತೊಂದರೆಯಾಯಿತು ಎಂಬಷ್ಟನ್ನೇ ಹೇಳಬೇಕು.

ಮುಂದಿನ ತಿಂಗಳು ಅವಳ ಮೌಲ್ಯಮಾಪನವಿದೆ. ಒಂದು ಪುಟದ ಟಿಪ್ಪಣಿಯನ್ನು ಹಿಂದಿನ ದಿನವೇ ಅವಳಿಗೊಬ್ಬಳಿಗೇ ಕಳಿಸಿ, ಮರುದಿನ ಅವಳು ಬರೆದುಕೊಂಡು ತರುವ ಪ್ರಶ್ನೆಗಳಿಂದಲೇ ಮಾತು ಆರಂಭಿಸಬೇಕೆಂದು ನಿರ್ಧರಿಸಿದ್ದೇನೆ. ಹಿರಿಯರು ಇದನ್ನು ಅನಗತ್ಯ ಉಪಚಾರ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.