ಎಲ್ಲಾರು ಹೇಳುವುದು, ಎಲ್ಲರೂ ಬರೆಯುವುದು

ಐದನೇ ಕ್ಲಾಸಿನ ಮಗುವಿಗೆ ‘ನಮ್ಮೂರ ಜಾತ್ರೆ’ ಎಂದು ಪ್ರಬಂಧ ಬರೆಯಲು ಹೇಳಿ. ‘ನಾವು ಎಲ್ಲಾರು ಜಾತ್ರೆಗೆ ಹೋದ್ವಿ. ಮನೇಲಿ ಯಾರು ಇರ್ಲಿಲ್ಲ’ ಎಂದು ಶುರುವಾಗುತ್ತದೆ. ಪುಸ್ತಕ ವಾಪಸ್ ಬರುವಾಗ ಅದು ‘ನಾವೆಲ್ಲರೂ ಜಾತ್ರೆಗೆ ಹೋದೆವು. ಮನೆಯಲ್ಲಿ ಯಾರೂ ಇರಲಿಲ್ಲ’ ಎಂದಾಗಿರುತ್ತದೆ.

‘ಎಲ್ಲಾರು’ ಮೇಲೆ ಬಿದ್ದ ಕೆಂಪು ಇಂಕನ್ನು ಸ್ವಲ್ಪ ನೋಡಿ. ಮೇಷ್ಟ್ರು ‘ಲ್ಲಾ’ದ ಇಳಿ ಹೊಡೆದುಹಾಕಿ, ‘ರು’ವಿನ ಕೊಂಬಿಗೆ ಇಳಿ ಕೊಟ್ಟಿದ್ದಾರೆ. ದೀರ್ಘ ಇದ್ದದ್ದು ಒಂದೇ, ಜಾಗ ಮಾತ್ರ ಬದಲು. ನಾಲಿಗೆ ನಡುವೆ ಎಳೆದು ಕೊನೆಯನ್ನು ಸುಮ್ನೆ ಮುಗಿಸಿಬಿಡುತ್ತದೆ. ಬರಹ ನಡುವೆ ಗಿಡ್ಡ ಮಾಡಿ ಕೊನೆಯಲ್ಲಿ ಎಳೆಯುತ್ತದೆ. ಬರೀ ‘ಎಲ್ಲಾ’ ಎಂದು ಬರೆದರೆ ಅಷ್ಟಾಗಿ ಯಾರೂ ಕೇಳುವುದಿಲ್ಲ, ಅಚ್ಚಿನಲ್ಲೂ ಬೇಕಾದಷ್ಟು ಸಿಗುತ್ತದೆ. ಅದಕ್ಕೆ ‘ರು’ ಸೇರಿತೋ, ಗೆರೆ ಬಿತ್ತು!

ಕೊನೆಯ ಆ ಎಳೆತ ಹಳಗನ್ನಡದ ‘ಉಂ’. ಅಲ್ಲಿ ‘ಎಲ್ಲರುಂ’ ಇದ್ದದ್ದು ಇಲ್ಲಿ ‘ಎಲ್ಲರೂ’ ಆಯಿತು. ಒಬ್ಬರನ್ನೂ ಬಿಡದೆ ಸೇರಿಸಿಕೊಳ್ಳುವ ಕೆಲಸ ಅದರದ್ದು. ‘ಎಲ್ಲಾರು’ ಅಂದಾಗ ಅದು ಕೇಳದಿದ್ದರೂ ನಷ್ಟವಿಲ್ಲ, ಅರ್ಥ ಆಗುತ್ತದೆ. ‘ಯಾರು’ ವಿಷಯದಲ್ಲಿ ಹಾಗಲ್ಲ. ‘ಯಾರು ಬರಲಿಲ್ಲ’ ಎಂದರೆ ಹಾಜರಿ ಕೇಳಿದ ಹಾಗೆ, ‘ಯಾರೂ ಬರಲಿಲ್ಲ’ ಎಂದರೆ ಕ್ಲಾಸೇ ಖಾಲಿ. ಮಾತಿನಲ್ಲಿ ದನಿಯ ಏರಿಳಿತ ಇದನ್ನು ನೋಡಿಕೊಳ್ಳುತ್ತದೆ. ಹಾಳೆಗೆ ದನಿ ಇಲ್ಲವಲ್ಲ, ಕೊಂಬಿನ ಇಳಿಯೇ ಆ ಕೆಲಸ ಮಾಡಬೇಕು.

ಬೈದು ತಿದ್ದಿದರೆ ಮಕ್ಕಳು ಹೆದರಿ ಎಲ್ಲೆಂದರಲ್ಲಿ ದೀರ್ಘ ಹಾಕುತ್ತಾರೆ. ‘ನಿಮ್ಮ ಗುರುಗಳು ಯಾರೂ?’ ಎಂಬ ಸಾಲು ಹುಟ್ಟುವುದೇ ಹೀಗೆ. ಅದಕ್ಕಿಂತ ಆ ಜಾಗದಲ್ಲಿ ‘ಯಾರಿಗೆ’, ‘ಯಾರಿಗೂ’ ಬರುವಂಥ ಒಂದು ಸಾಲು ಹೇಳಿಸಿ. ‘ಯಾರ್ಗೆ ಗೊತ್ತಿಲ್ಲ?’, ‘ಯಾರ್ಗೂ ಗೊತ್ತಿಲ್ಲ.’ ಇವೆರಡನ್ನು ಯಾವ ಮಗುವೂ ಬೆರೆಸುವುದಿಲ್ಲ, ಆಡುಮಾತಿನಲ್ಲೇ ವ್ಯತ್ಯಾಸ ಕೇಳುತ್ತದೆ. ‘ಗೆ’ ಬರುವ ಕಡೆ ‘ಯಾರು’, ‘ಗೂ’ ಬರುವ ಕಡೆ ‘ಯಾರೂ’. ವ್ಯಾಕರಣ ಆಗಲೇ ಬಾಯಲ್ಲಿದೆ, ತೋರಿಸಿಕೊಡಬೇಕು ಅಷ್ಟೇ. ಅಂದಹಾಗೆ ‘ಯಾರು’ ಕೂಡ ಮೊದಲು ‘ಆರ್’ ಆಗಿತ್ತು, ‘ಇವನಾರವ’ ಎಂಬ ಬಸವಣ್ಣನವರ ಮಾತಿನಲ್ಲಿ ಇರುವುದು ಅದೇ. ಮುಂದೆ ‘ಯ’ ಅಂಟಿಕೊಂಡಾಗ ಯಾವ ಮೇಷ್ಟ್ರೂ ಕೆಂಪು ಇಂಕು ಹಿಡಿದು ನಿಂತಿರಲಿಲ್ಲ.

ಪ್ರಬಂಧದ ಸಾಲನ್ನು ತಿದ್ದಲಿ, ನನ್ನ ತಕರಾರಿಲ್ಲ. ಅದರೊಳಗೆ ಮಾತಾಡುವ ಅಜ್ಜಿಯನ್ನೂ ತಿದ್ದುವುದು ಮಾತ್ರ ಜಾಸ್ತಿಯಾಯಿತು. ಜಾತ್ರೆಯಿಂದ ಬಂದ ಮಕ್ಕಳನ್ನು ಅಜ್ಜಿ ‘ಎಲ್ಲಾರು ಉಂಡ್ರೇನ್ರೋ?’ ಎಂದು ಕೇಳುತ್ತಾಳೆ. ಅದನ್ನು ‘ಎಲ್ಲರೂ ಊಟ ಮಾಡಿದಿರಾ?’ ಎಂದು ಮಾಡಿದರೆ ಅಜ್ಜಿ ವಾರ್ತೆ ಓದುವವಳಾಗುತ್ತಾಳೆ. ಆ ಸಾಲಿಗೆ ಉದ್ಧರಣ ಚಿಹ್ನೆ ಹಾಕಿಸಿ, ಕೆಂಪು ಪೆನ್ನಿನ ಕ್ಯಾಪು ಮುಚ್ಚಿಬಿಡಬಹುದು, ಅಲ್ವಾ?